ಲೀಡ್ ಅಗ್ಗವಾಯ್ತು ಅಂತ ಖುಷಿಪಡುವ ಮೊದಲು ಫೋನ್ ಮಾಡಿ ನೋಡಿ

ನೀವು ಗೂಗಲ್ ಜಾಹೀರಾತಿನ ಪರ್ಫಾರ್ಮೆನ್ಸ್ ಮ್ಯಾಕ್ಸ್ ಕ್ಯಾಂಪೇನ್ ನಡೆಸುತ್ತಿದ್ದು, ರಿಪೋರ್ಟಿನಲ್ಲಿ ಲೀಡ್, ಅಂದರೆ ಕೊಳ್ಳಬಹುದು ಅಂತ ವಿವರ ಕೊಟ್ಟವರು, ಜಾಸ್ತಿಯಾಗಿ ಒಂದೊಂದು ಲೀಡಿನ ಖರ್ಚು ಇಳಿಯುತ್ತಿದ್ದರೆ, ಮೊದಲು ಸೇಲ್ಸ್‌ನವರನ್ನು ಮಾತಾಡಿಸಿ. ನಮಗೆ ಆಗಿದ್ದನ್ನು ಹೇಳುತ್ತೇನೆ.

ನಮ್ಮದು ಲೆಕ್ಕಪತ್ರದ ಸಾಫ್ಟ್‌ವೇರ್. ಜಾಹೀರಾತನ್ನು ಒಂದು ಏಜೆನ್ಸಿ ನೋಡಿಕೊಳ್ಳುತ್ತಿತ್ತು. ಮೊದಲು ಬರೀ ಸರ್ಚ್ ಜಾಹೀರಾತು ಇದ್ದಾಗ ತಿಂಗಳಿಗೆ ಸುಮಾರು 60 ಫಾರ್ಮ್ ಬರುತ್ತಿದ್ದವು, ಅದರಲ್ಲಿ 5 ಜನ ಕೊಳ್ಳುತ್ತಿದ್ದರು. ಏಜೆನ್ಸಿ ಎಲ್ಲವನ್ನೂ ಪರ್ಫಾರ್ಮೆನ್ಸ್ ಮ್ಯಾಕ್ಸ್‌ಗೆ ಬದಲಾಯಿಸಿತು. ಫಾರ್ಮ್ 200 ದಾಟಿತು. ಕೊಂಡವರು ಇಬ್ಬರು. ಅರ್ಧಕ್ಕಿಂತ ಹೆಚ್ಚು ನಂಬರಿಗೆ ಫೋನೇ ಹೋಗುತ್ತಿರಲಿಲ್ಲ. ಎತ್ತಿದವರಲ್ಲಿ ಬಹಳ ಜನ "ಯಾವ ಸಾಫ್ಟ್‌ವೇರ್?" ಅಂತ ನಮ್ಮನ್ನೇ ಕೇಳುತ್ತಿದ್ದರು.

ಅಕೌಂಟ್ ತೆರೆದು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಫಾರ್ಮ್ ಕಳಿಸುವುದು, ಚಾಟ್ ಬಟನ್ ಒತ್ತುವುದು, ಬೆಲೆಯ ಪುಟ ನೋಡುವುದು, ಮೂರನ್ನೂ `Primary` ಕನ್ವರ್ಷನ್, ಅಂದರೆ ಯಂತ್ರ ಬೆನ್ನಟ್ಟಬೇಕಾದ ಗೆಲುವು, ಮಾಡಿದ್ದರು. ಎಣಿಕೆ `Every` ಅಂತ ಇತ್ತು, ಅಂದರೆ ಒಬ್ಬರೇ ಥ್ಯಾಂಕ್ಯೂ ಪುಟವನ್ನು ಮತ್ತೆ ಮತ್ತೆ ತೆರೆದರೂ ಅಷ್ಟು ಸಲ ಲೆಕ್ಕಕ್ಕೆ ಸೇರುತ್ತಿತ್ತು. ಈ ಕ್ಯಾಂಪೇನ್ ಸರ್ಚ್, ಯೂಟ್ಯೂಬ್, ಜಿಮೇಲ್, ಡಿಸ್ಕವರ್, ಮ್ಯಾಪ್ಸ್, ಬೇರೆ ಬೇರೆ ಸೈಟು ಮತ್ತು ಆಪ್‌ಗಳಲ್ಲಿ ತಾನೇ ಓಡಾಡುತ್ತದೆ. ನೀವು ಯಾವುದನ್ನು ಗೆಲುವು ಅಂತ ಹೇಳುತ್ತೀರೋ ಅದು ಎಲ್ಲಿ ಅಗ್ಗವಾಗಿ ಸಿಗುತ್ತದೋ ಅಲ್ಲಿಗೆ ದುಡ್ಡು ಹರಿಸುತ್ತದೆ. ಬಟನ್ ಒತ್ತುವುದು ಅತಿ ಅಗ್ಗ ಸಿಗುವುದು ಆಟದ ಆಪ್‌ಗಳಲ್ಲಿ ಕೈತಪ್ಪಿ ಒತ್ತುವವರಿಂದ, ಸುಳ್ಳು ಫಾರ್ಮ್ ತುಂಬುವ ಬಾಟ್‌ಗಳಿಂದ. ಯಂತ್ರ ಹೇಳಿದ ಕೆಲಸವನ್ನೇ ಮಾಡಿತ್ತು, ಹೇಳಿದ್ದೇ ತಪ್ಪು!

ಇದನ್ನು ಸರಿ ಮಾಡುವ ದಾರಿ ಒಂದೇ: ಮಾರಾಟದ ಸುದ್ದಿ ವಾಪಸ್ ಕ್ಯಾಂಪೇನಿಗೆ ಮುಟ್ಟಬೇಕು. ಜಾಹೀರಾತು ಒತ್ತಿ ಬಂದವರ ವಿಳಾಸದ ಸಾಲಿನಲ್ಲಿ `gclid` ಅನ್ನುವ ಗುರುತು ಇರುತ್ತದೆ. ಅದನ್ನು ಫಾರ್ಮಿನ ಒಂದು ಅಡಗಿಸಿದ ಖಾನೆಯಲ್ಲಿ ಉಳಿಸಿಕೊಂಡೆವು. ಸೇಲ್ಸ್‌ನವರು ಮಾತಾಡಿ "ಇವರು ನಿಜವಾದ ಗಿರಾಕಿ" ಅಂದ ಮೇಲೆ ಆ ಗುರುತಿನ ಜೊತೆ ಆಫ್‌ಲೈನ್ ಕನ್ವರ್ಷನ್ ಆಗಿ ಅಪ್‌ಲೋಡ್ ಮಾಡಿದೆವು. ಕ್ಲಿಕ್ ಆಗಿ 90 ದಿನ ದಾಟಿದರೆ ಅದು ಸೇರುವುದಿಲ್ಲ. ಹಾಗಾಗಿ ವಾರ ವಾರ ಕಳಿಸುವುದು ಒಳ್ಳೆಯದು.

ಬರೀ ಖರೀದಿಯನ್ನೇ ಕೊಟ್ಟರೆ ಆಗದಾ? ತಿಂಗಳಿಗೆ ನಾಲ್ಕೈದು ಖರೀದಿಯಿಂದ ಯಂತ್ರ ಏನೂ ಕಲಿಯುವುದಿಲ್ಲ. ಸುಮಾರು 30 ಆದರೂ ಬೇಕು. ಅದಕ್ಕೇ ನಿಜವಾದ ವಿಚಾರಣೆ ಅನ್ನುವ ಮಧ್ಯದ ಮೆಟ್ಟಿಲನ್ನೂ ಸೇರಿಸಿದೆವು. ನಮ್ಮಲ್ಲಿ ಸುಮಾರು 10 ನಿಜವಾದ ವಿಚಾರಣೆಗೆ ಒಂದು ಖರೀದಿ. ಆದ್ದರಿಂದ ಖರೀದಿಗೆ 100, ವಿಚಾರಣೆಗೆ 10 ಅಂತ ಮೌಲ್ಯ ಕೊಟ್ಟು, ಫಾರ್ಮ್, ಬಟನ್, ಬೆಲೆಯ ಪುಟ ಮೂರನ್ನೂ ಬರೀ ನೋಡಿಕೊಳ್ಳಲು ಇರುವ `Secondary` ಮಾಡಿದೆವು. ಬಿಡ್ಡಿಂಗ್, ಅಂದರೆ ಜಾಹೀರಾತಿನ ಜಾಗಕ್ಕೆ ದರ ಕೂಗುವುದು, ಕನ್ವರ್ಷನ್ ಸಂಖ್ಯೆಯ ಮೇಲೇ ಇದ್ದರೆ ಈ ಮೌಲ್ಯಗಳು ದಂಡ. ಕನ್ವರ್ಷನ್ ಮೌಲ್ಯ ಹೆಚ್ಚಿಸುವ ಬಗೆಗೆ ಬದಲಾಯಿಸಲೇಬೇಕು.

ಎರಡನೇ ತೂತು ಯಾರೂ ನೋಡದ ಕಡೆ ಇತ್ತು. ಫೈನಲ್ ಯುಆರ್‌ಎಲ್ ಎಕ್ಸ್‌ಪ್ಯಾನ್ಶನ್ ಅನ್ನುವ ಸೆಟಿಂಗ್ ಮೊದಲಿನಿಂದಲೇ ಆನ್ ಆಗಿರುತ್ತದೆ. ನೀವು ಕೊಟ್ಟ ಪುಟ ಬಿಟ್ಟು ಸೈಟಿನ ಬೇರೆ ಪುಟಕ್ಕೂ ಜನರನ್ನು ಕಳಿಸುತ್ತದೆ. ನಮ್ಮ ಉದ್ಯೋಗದ ಪುಟಕ್ಕೂ ಕಳಿಸಿತ್ತು. ಕೆಲಸ ಹುಡುಕುವವರು ಪಾಪ, ಅಲ್ಲಿದ್ದ ಅದೇ ಫಾರ್ಮ್ ತುಂಬಿ ನಮ್ಮ ಲೀಡ್ ಆಗಿದ್ದರು. ಉದ್ಯೋಗ, ಲಾಗಿನ್, ಸಹಾಯ, ಬ್ಲಾಗ್ ಪುಟಗಳನ್ನು ಹೊರಗಿಡಿ. ವಿಡಿಯೋ ಕೊಡದಿದ್ದರೆ ನಿಮ್ಮ ಚಿತ್ರಗಳನ್ನೇ ಜೋಡಿಸಿ ಅದೇ ಒಂದು ತಯಾರಿಸುತ್ತದೆ. ನಮ್ಮದರಲ್ಲಿ ಲೋಗೋ ಅರ್ಧ ಕತ್ತರಿಸಿ ಹೋಗಿತ್ತು. ಸಾಧಾರಣವಾದರೂ ಪರವಾಗಿಲ್ಲ, 10 ಸೆಕೆಂಡಿಗಿಂತ ಉದ್ದದ ನಿಮ್ಮದೇ ವಿಡಿಯೋ ಹಾಕಿ.

ಎಂಥ ಜನ ಬೇಕು ಅಂತ ಹೇಳುವ ಆಡಿಯೆನ್ಸ್ ಸಿಗ್ನಲ್ ಹಾಕಿದ್ದೇವೆ, ಅವರಿಗಷ್ಟೇ ಹೋಗುತ್ತದೆ ಅಂತ ಏಜೆನ್ಸಿ ಹೇಳುತ್ತಲೇ ಇತ್ತು. ಅದು ಬರೀ ಸುಳಿವು, ಬೇಲಿ ಅಲ್ಲ. ಬೇಲಿ ಬೇಕಿದ್ದರೆ ಹೊರಗಿಡುವ ಸೆಟಿಂಗ್‌ಗಳನ್ನು ಬೇರೆಯಾಗಿಯೇ ಹಾಕಬೇಕು. ಈಗಿನ ಗ್ರಾಹಕರ ಇಮೇಲ್ ಪಟ್ಟಿ ಕೊಟ್ಟು ಹೊಸಬರಿಗಷ್ಟೇ ಬಿಡ್ ಮಾಡಿಸಿ. ಪಟ್ಟಿಯ ಇಮೇಲಿಗೆ ತಾಳೆಯಾಗದ ಗ್ರಾಹಕರು ಹಾಗಿದ್ದರೂ ನುಸುಳುತ್ತಾರೆ. ಅದಕ್ಕೆ ಬ್ರ್ಯಾಂಡ್ ಎಕ್ಸ್‌ಕ್ಲೂಷನ್ ಹಾಕಿ ನಿಮ್ಮ ಹೆಸರು ಹುಡುಕಿ ಬರುವವರನ್ನೂ ತಡೆಯಿರಿ. ಇಲ್ಲದಿದ್ದರೆ ಲಾಗಿನ್ ಆಗಲು ಬಂದವರನ್ನೂ ಗೆಲುವು ಅಂತ ತೋರಿಸಿ ರಿಪೋರ್ಟ್ ಚೆನ್ನಾಗಿ ಕಾಣಿಸುತ್ತದೆ. ಕೆಟ್ಟ ಆಪ್‌ಗಳನ್ನು ಪ್ಲೇಸ್‌ಮೆಂಟ್ ರಿಪೋರ್ಟಿನಲ್ಲಿ ಹುಡುಕಿ ಅಕೌಂಟ್ ಮಟ್ಟದಲ್ಲಿ ತಡೆಯಬಹುದು.

ಇದನ್ನೆಲ್ಲ ಮಾಡಿದ ಮೊದಲ ವಾರಗಳಲ್ಲಿ ಲೀಡ್ ಧುತ್ತನೆ ಕುಸಿಯಿತು, ಒಂದೊಂದರ ಖರ್ಚು ಏರಿತು. ಏಜೆನ್ಸಿ ಹಳೆಯದಕ್ಕೇ ಹೋಗೋಣ ಅಂತ ಒತ್ತಾಯ ಮಾಡಿತು. ನಾವು ಒಪ್ಪಲಿಲ್ಲ. ಆ ಹೊತ್ತಿನಲ್ಲಿ ನೋಡಬೇಕಾದದ್ದು ಫಾರ್ಮಿನ ಲೆಕ್ಕವಲ್ಲ, ಫೋನ್ ಎತ್ತಿ ಮಾತಾಡಿದವರಲ್ಲಿ ನಿಜವಾದ ಗಿರಾಕಿಗಳು ಎಷ್ಟು ಅನ್ನುವುದು. ನಮ್ಮಲ್ಲಿ ಮೊದಲು ಏರಿದ್ದು ಅದೇ, ಖರೀದಿ ಅದರ ಹಿಂದೆ ನಿಧಾನವಾಗಿ ಬಂತು.