‘ಲಾಗಿನ್ ಕಳಿಸಿ, ಉಳಿದದ್ದು ನನಗೆ ಬಿಡಿ’: ದಂತವೈದ್ಯರಿಗೆ ಒಂದು ಎಚ್ಚರಿಕೆ

ಹಾಸನದಲ್ಲಿ 11 ವರ್ಷಗಳಿಂದ ನಾನೊಂದು ಚಿಕ್ಕ ದಂತ ಚಿಕಿತ್ಸಾಲಯ ನಡೆಸುತ್ತಿದ್ದೇನೆ. ಕಳೆದ ವರ್ಷ ದೀಪಾವಳಿಗೆ ಕೆಲವು ವಾರಗಳಿರುವಾಗ ಸಾಮಾಜಿಕ ಜಾಲತಾಣಗಳ ಕೆಲಸ ಮಾಡಿಕೊಡುವ ಒಬ್ಬಾತನಿಂದ ಕ್ಲಿನಿಕ್ಕಿನ ವಾಟ್ಸಾಪಿಗೆ ಒಂದು ಸಂದೇಶ ಬಂದಿತು. ಅಂಥದೇ ಸಂದೇಶ ಇತರ ದಂತವೈದ್ಯರಿಗೂ ಬರುತ್ತಿರುವುದರಿಂದ ಅದನ್ನು ಇಲ್ಲಿ ಹಾಗೆಯೇ ಕೊಡುತ್ತಿದ್ದೇನೆ.

“ನಮಸ್ತೆ ಡಾಕ್ಟರ್. ನಿಮ್ಮ ಇನ್‌ಸ್ಟಾಗ್ರಾಂ ಪುಟ ನೋಡಿದೆ, ಕೊನೆಯ ಪೋಸ್ಟ್ ಹಾಕಿ 5 ತಿಂಗಳಾಗಿದೆ. ನಿಮ್ಮ ಪಕ್ಕದ ರಸ್ತೆಯ ಕ್ಲಿನಿಕ್ಕಿಗೆ ಗೂಗಲ್‌ನಲ್ಲಿ 300 ರಿವ್ಯೂ ದಾಟಿದೆ, ನಿಮಗೆ 84 ಮಾತ್ರ ಇದೆ. ತಿಂಗಳಿಗೆ 12 ಪೋಸ್ಟ್, 4 ರೀಲ್ಸ್, 50 ಹೊಸ ಫೈವ್ ಸ್ಟಾರ್ ರಿವ್ಯೂ, 1,000 ಫಾಲೋವರ್ಸ್ ಗ್ಯಾರಂಟಿ. ತಿಂಗಳಿಗೆ 12,000 ರೂಪಾಯಿ, ಮೂರು ತಿಂಗಳದ್ದು ಮುಂಗಡ ಕೊಟ್ಟರೆ 30,000. ನಿಮಗೆ ಯಾವ ತಲೆನೋವೂ ಇಲ್ಲ. ಲಾಗಿನ್ ಕಳಿಸಿ, ಉಳಿದದ್ದು ನನಗೆ ಬಿಡಿ.”

ಮೊದಲ ಎರಡು ವಾಕ್ಯಗಳು ನಿಜವಾಗಿದ್ದವು. ನಮ್ಮ ಪುಟವನ್ನು ಇವರು ತೆರೆದು ನೋಡಿದ್ದಾರೆಂಬ ಆ ಒಂದು ಕಾರಣಕ್ಕೆ ಉಳಿದ ಮಾತನ್ನೂ ನಾನು ನಂಬಿದೆ. ಮುಂಗಡ 30,000 ರೂಪಾಯಿಯ ಜೊತೆಗೆ ಕ್ಲಿನಿಕ್ಕಿನ ಜಿಮೇಲ್ ವಿಳಾಸವನ್ನೂ ಪಾಸ್‌ವರ್ಡನ್ನೂ ಕಳಿಸಿಕೊಟ್ಟೆ.

ರಿವ್ಯೂಗಳು ಹತ್ತೇ ದಿನಗಳಲ್ಲಿ ಬರತೊಡಗಿದವು. 46 ಮಂದಿ ಐದು ನಕ್ಷತ್ರ ಕೊಟ್ಟಿದ್ದರು, ಆದರೆ ಅವರಲ್ಲಿ ಒಬ್ಬರ ಹೆಸರೂ ನಮ್ಮ ರಿಜಿಸ್ಟರಿನಲ್ಲಿರಲಿಲ್ಲ. ಒಬ್ಬರು “ಡಾಕ್ಟರ್ ಸರ್ ತುಂಬಾ ತಾಳ್ಮೆಯಿಂದ ನೋಡಿದರು” ಎಂದು ಬರೆದಿದ್ದರು. ನಮ್ಮಲ್ಲಿ ಚಿಕಿತ್ಸೆ ಕೊಡುವವಳು ನಾನೊಬ್ಬಳೇ. ಆ ಹೆಸರಿನ ಮೇಲೆ ಒತ್ತಿ ನೋಡಿದಾಗ, ಅದೇ ದಿನ ಅದೇ ವ್ಯಕ್ತಿ ಸೂರತ್‌ನ ಒಂದು ಜಿಮ್ಮಿಗೂ ಇಂದೋರ್‌ನ ಒಂದು ಟೈಲ್ಸ್ ಅಂಗಡಿಗೂ ಐದು ನಕ್ಷತ್ರ ಕೊಟ್ಟಿರುವುದು ಕಾಣಿಸಿತು. ರಿವ್ಯೂ ಬರೆಯುವವರು ರೋಗಿಗಳು. ಅದರ ಸಂಖ್ಯೆಗೆ ಹೊರಗಿನವರೊಬ್ಬರು ಗ್ಯಾರಂಟಿ ಕೊಡುತ್ತಾರೆಂದರೆ ಅವರು ರಿವ್ಯೂಗಳನ್ನು ಕೊಳ್ಳುತ್ತಿದ್ದಾರೆಂದೇ ಅರ್ಥ. ಸಂದೇಶ ಓದಿದ ದಿನವೇ ನನಗೆ ಇದು ಹೊಳೆಯಬೇಕಿತ್ತು. ಮುಂದಿನ ತಿಂಗಳು ಗೂಗಲ್ ಅವನ್ನೆಲ್ಲ ಅಳಿಸಿಹಾಕಿತು. ಅವುಗಳ ಜೊತೆಗೆ ನಮ್ಮ ನಿಜವಾದ ರೋಗಿಗಳು ಬರೆದಿದ್ದ ಏಳು ರಿವ್ಯೂಗಳೂ ಹೋದವು, ಮತ್ತು ಕೆಲವು ಕಾಲ ನಮ್ಮ ಪ್ರೊಫೈಲಿಗೆ ಯಾರೂ ಹೊಸದಾಗಿ ರಿವ್ಯೂ ಬರೆಯಲಾಗದಂತೆ ನಿರ್ಬಂಧ ಬಿದ್ದಿತು.

ಇದಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಒಂದು ರೀಲ್. ಮದುವೆ ನಿಶ್ಚಯವಾಗಿದ್ದ ಒಬ್ಬ ಯುವತಿಯ ಮುಂದಿನ ಎರಡು ಹಲ್ಲುಗಳ ನಡುವಿನ ಸಂದನ್ನು ನಾನು ಕಾಂಪೋಸಿಟ್‌ನಿಂದ ಮುಚ್ಚಿದ್ದೆ. ಚಿಕಿತ್ಸೆಗೆ ಮೊದಲು ಮತ್ತು ನಂತರ ತೆಗೆದ ಫೋಟೋಗಳು ಆಕೆಯ ದಾಖಲೆಯಲ್ಲಿದ್ದವು. “ಸ್ಯಾಂಪಲ್‌ಗೆ ನಿಮ್ಮ ಕೆಲಸದ ಕೆಲವು ಫೋಟೋ ಕಳಿಸಿ” ಎಂದು ಆತ ನಮ್ಮ ಸಹಾಯಕಿಯನ್ನು ಕೇಳಿದಾಗ, ಅವಳು ಅವನ್ನೂ ಸೇರಿಸಿ ಕಳಿಸಿಬಿಟ್ಟಿದ್ದಳು. ಪೂರ್ತಿ ಮುಖ ಕಾಣುವ ಆ ಫೋಟೋಗಳು ಹಾಡಿನೊಂದಿಗೆ, “40% ದೀಪಾವಳಿ ಆಫರ್” ಎಂಬ ಬರಹದ ಕೆಳಗೆ ಪ್ರಕಟವಾದವು. ವರನ ಕಡೆಯವರೊಬ್ಬರು ಅದನ್ನು ನೋಡಿ ಆಕೆಗೆ ಕಳಿಸಿದ್ದರು. “ಮೇಡಂ, ಇದನ್ನು ನೀವೇ ಹಾಕಿಸಿದಿರಾ?” ಎಂದು ಆಕೆ ಬಂದು ಕೇಳಿದಾಗ ಕ್ಷಮೆ ಕೇಳುವುದನ್ನು ಬಿಟ್ಟು ನನ್ನಲ್ಲಿ ಬೇರೆ ಮಾತಿರಲಿಲ್ಲ. ಚಿಕಿತ್ಸೆಯ ದಾಖಲೆಗಾಗಿ ಫೋಟೋ ತೆಗೆಯಲು ಒಪ್ಪಿದ ರೋಗಿ ಅದನ್ನು ಊರಿಗೆಲ್ಲ ತೋರಿಸಲು ಒಪ್ಪಿದಂತಲ್ಲ. ಅದಕ್ಕೆ ಬೇರೆಯೇ ಆದ, ಎಲ್ಲಿ ಪ್ರಕಟವಾಗುತ್ತದೆ ಎಂಬುದನ್ನು ತಿಳಿಸುವ ಲಿಖಿತ ಒಪ್ಪಿಗೆ ಬೇಕು.

ಆ ಆಫರಿನ ಮಾತೂ ಸಣ್ಣದಲ್ಲ. ಭಾರತೀಯ ದಂತ ಪರಿಷತ್ತಿನ 2014ರ ಪರಿಷ್ಕೃತ ನೀತಿಸಂಹಿತೆಯು ರೋಗಿಗಳನ್ನು ಸೆಳೆಯಲು ಜಾಹೀರಾತು ಕೊಡುವುದನ್ನು ಅನೈತಿಕವೆಂದು ಪರಿಗಣಿಸುತ್ತದೆ. ಕ್ಲಿನಿಕ್ ಆರಂಭವಾಗಿದೆ, ವಿಳಾಸ ಬದಲಾಗಿದೆ ಎಂಬಂಥ ಪ್ರಕಟಣೆಗಳಿಗೆ ಅವಕಾಶವಿದೆ. ದೂರು ಹೋದರೆ ಪರಿಷತ್ತು ಕೇಳುವುದು ನೋಂದಾಯಿತ ವೈದ್ಯೆಯಾದ ನನ್ನನ್ನೇ ಹೊರತು ಪೋಸ್ಟ್ ಮಾಡಿದವನನ್ನಲ್ಲ. ಬಟ್ಟೆ ಅಂಗಡಿಗೂ ಜಿಮ್ಮಿಗೂ ಕೆಲಸ ಮಾಡುವವರಿಗೆ ಈ ನಿಯಮ ತಿಳಿಯದೇ ಇರಬಹುದು, ಆದ್ದರಿಂದ ಪ್ರತಿಯೊಂದು ಪೋಸ್ಟನ್ನೂ ಹಾಕುವ ಮೊದಲು ವೈದ್ಯರು ಓದಿ ಒಪ್ಪಲೇಬೇಕು. ನಾನು ಒಂದನ್ನೂ ಓದಿರಲಿಲ್ಲ.

ರೀಲನ್ನು ತೆಗೆಸಿ, ಕೆಲಸ ನಿಲ್ಲಿಸಿ ಎಂದು ಆತನಿಗೆ ತಿಳಿಸಿದೆ. ಅದಾಗಿ ನಾಲ್ಕನೆಯ ದಿನ ಹಳೆಯ ರೋಗಿಯೊಬ್ಬರು ನೇರವಾಗಿ ಕ್ಲಿನಿಕ್ಕಿಗೇ ಬಂದು, “ಮೂರು ಸಲ ಫೋನ್ ಮಾಡಿದೆ, ಯಾರೋ ಎತ್ತಿ ಇಟ್ಟುಬಿಟ್ಟರು” ಎಂದರು. ಅವರು ಗೂಗಲ್‌ನಲ್ಲಿ ಕಂಡ ಸಂಖ್ಯೆಗೆ ಕರೆ ಮಾಡಿದ್ದರು, ಆದರೆ ಅದು ನಮ್ಮ ಸಂಖ್ಯೆಯಾಗಿರಲಿಲ್ಲ. ಎಷ್ಟು ಕರೆ ಬರುತ್ತವೆಂದು ಎಣಿಸುವುದಕ್ಕಾಗಿ ಎಂದು ಆತ ಮೊದಲ ವಾರವೇ ತನ್ನ ಸಂಖ್ಯೆಯನ್ನು ಹಾಕಿಕೊಂಡಿದ್ದ. ಸರಿಪಡಿಸಲೆಂದು ಪ್ರೊಫೈಲ್ ತೆರೆಯಲು ಹೋದರೆ ನಮ್ಮ ಜಿಮೇಲ್‌ಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ನಮ್ಮ ಲಾಗಿನ್ ಬಳಸಿ ಆತ ತನ್ನ ಖಾತೆಯನ್ನು ಮಾಲೀಕನನ್ನಾಗಿ ಸೇರಿಸಿದ್ದ. ಹೊಸದಾಗಿ ಸೇರಿದ ಮಾಲೀಕರಿಗೆ ಗೂಗಲ್ ಏಳು ದಿನಗಳ ಕಾಲ ಪೂರ್ಣ ಅಧಿಕಾರ ಕೊಡುವುದಿಲ್ಲ; ಆ ಏಳು ದಿನ ಕಳೆದ ಮೇಲೆ ತನ್ನನ್ನೇ ‘Primary owner’ ಮಾಡಿಕೊಂಡು ನಮ್ಮನ್ನು ತೆಗೆದುಹಾಕಿದ್ದ. ಈ ಬದಲಾವಣೆಗಳ ಬಗ್ಗೆ ಗೂಗಲ್‌ನಿಂದ ನಮ್ಮ ಜಿಮೇಲ್‌ಗೆ ಬಂದ ಪತ್ರಗಳು ಓದಿದವುಗಳ ಸಾಲಿನಲ್ಲಿದ್ದವು, ಆದರೆ ಅವನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ. ಮರಳಿಸಲು ಆತ 25,000 ರೂಪಾಯಿ ಕೇಳಿದ.

ಹಣ ಕೊಡಲಿಲ್ಲ. ಇಂಥ ಸ್ಥಿತಿಯಲ್ಲಿರುವವರು ದಯವಿಟ್ಟು ಹಣ ಕೊಡಬೇಡಿ, ಅದಕ್ಕೆ ದಾರಿಯಿದೆ. ಮೊದಲು ಜಿಮೇಲ್ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿ, ಗುರುತಿಲ್ಲದ ಸಾಧನಗಳನ್ನೆಲ್ಲ ಹೊರಹಾಕಿದೆವು. ನಂತರ business.google.com ತಾಣದಲ್ಲಿ ನಮ್ಮ ಕ್ಲಿನಿಕ್ ಹುಡುಕಿ ‘Request access’ ಒತ್ತಿದೆವು. ಈಗಿನ ಮಾಲೀಕರಿಗೆ ಉತ್ತರಿಸಲು ಮೂರು ದಿನಗಳ ಅವಕಾಶವಿರುತ್ತದೆ. ಆತ ಉತ್ತರಿಸಲಿಲ್ಲ. ಆಮೇಲೆ ನಮಗೆ ವಿಡಿಯೋ ಮೂಲಕ ದೃಢೀಕರಿಸುವ ಅವಕಾಶ ಸಿಕ್ಕಿತು. ರಸ್ತೆಯಿಂದ ಆರಂಭಿಸಿ, ಕ್ಲಿನಿಕ್ಕಿನ ಹೆಸರಿನ ಫಲಕ, ಬೀಗ ತೆಗೆದು ಒಳಹೋಗುವುದು, ಡೆಂಟಲ್ ಚೇರ್ ಎಲ್ಲವನ್ನೂ ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿ ಕಳಿಸಿದೆವು. ಹದಿನೆಂಟು ದಿನಗಳ ನಂತರ ಪ್ರೊಫೈಲ್ ನಮ್ಮ ಕೈಗೆ ಮರಳಿತು.

ಸಾಮಾಜಿಕ ಜಾಲತಾಣಗಳ ಕೆಲಸವನ್ನು ಯಾರಿಗೂ ವಹಿಸಬಾರದೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ಮಾಡುವವರೂ ಇದ್ದಾರೆ. ಆದರೆ ಪೋಸ್ಟ್ ಹಾಕುವುದಕ್ಕೆ ಪಾಸ್‌ವರ್ಡ್ ಬೇಕಾಗಿಲ್ಲ. ಗೂಗಲ್ ಪ್ರೊಫೈಲಿಗೆ ಅವರನ್ನು ‘Manager’ ಎಂದು ಸೇರಿಸಿದರೆ ಅವರು ಫೋಟೋ ಹಾಕಬಹುದು, ಉತ್ತರ ಬರೆಯಬಹುದು, ಆದರೆ ಮಾಲೀಕರನ್ನು ತೆಗೆಯಲಾರರು. ಫೇಸ್‌ಬುಕ್ ಪುಟಕ್ಕೂ ಪೂರ್ಣ ನಿಯಂತ್ರಣ ಕೊಡದೆ, ಬೇಕಾದ ಕೆಲಸಗಳಿಗಷ್ಟೇ ಅನುಮತಿ ಕೊಡುವ ವ್ಯವಸ್ಥೆ ಮೆಟಾದಲ್ಲಿದೆ. “ಪಾಸ್‌ವರ್ಡ್ ಕೊಡುವುದಿಲ್ಲ, ಮ್ಯಾನೇಜರ್ ಮಾಡುತ್ತೇವೆ” ಎಂದು ಮೊದಲ ಉತ್ತರದಲ್ಲೇ ಬರೆದು ನೋಡಿ. ನಿಜವಾಗಿ ಈ ಕೆಲಸ ಬಲ್ಲವರಿಗೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ.

ಈಗ ನಮ್ಮ ಪ್ರೊಫೈಲಿನಲ್ಲಿ 77 ರಿವ್ಯೂಗಳಿವೆ, ಎಲ್ಲವೂ ನಮ್ಮ ರೋಗಿಗಳೇ ಬರೆದವು. ಫೋನ್ ಸಂಖ್ಯೆ ನಮ್ಮದೇ ಇದೆಯೇ ಎಂದು ಪ್ರತಿ ಸೋಮವಾರ ಬೆಳಿಗ್ಗೆ ಸಹಾಯಕಿ ಗೂಗಲ್‌ನಲ್ಲಿ ಕ್ಲಿನಿಕ್ ಹುಡುಕಿ, ಅಲ್ಲಿಂದಲೇ ಒಮ್ಮೆ ಕರೆ ಮಾಡಿ ನೋಡುತ್ತಾಳೆ.