ಸೀರೆ ಅಂಗಡಿಗೆ ಮೂರು ಎಐ ಜಾಹೀರಾತು: ಯಾವುದರಲ್ಲಿ ಏನು ಬದಲಾಯಿಸಬಹುದು?

ಹುಬ್ಬಳ್ಳಿಯ ಒಂದು ಇಳಕಲ್ ಸೀರೆ ಅಂಗಡಿ. ದೀಪಾವಳಿ ಜಾಹೀರಾತಿಗೆ ಎಐನಿಂದ ಮೂರು ಮಾದರಿ ಬರೆಸಿಕೊಂಡು ಹೋಗಿದ್ದೆ. ಸಾವ್ಕಾರರು ಹತ್ತು ಸಲ ಯೋಚಿಸದೆ ರೊಕ್ಕ ಬಿಚ್ಚುವವರಲ್ಲ. "ಚಂದ ಐತೋ ಇಲ್ಲೋ ಆಮ್ಯಾಲೆ ನೋಡೋಣ. ನಾಳೆ ಬದಲು ಮಾಡ್ರಿ ಅಂದ್ರ ಏನೇನು ಆಗ್ತೈತಿ, ಅದನ್ನ ಮೊದಲ ಹೇಳ್ರಿ" ಎಂದರು.

ಮೊದಲನೆಯದು ಪೂರ್ತಿ ಎಐ ಚಿತ್ರ. ಇಳಕಲ್ ಸೀರೆ ಉಟ್ಟ ಹೆಂಗಸು ಜಗಲಿ ಮೇಲೆ ದೀಪ ಹಚ್ಚುತ್ತಿದ್ದಾಳೆ. ಮೂರರಲ್ಲಿ ಇದೇ ಚಂದ. ಸಾವ್ಕಾರರು ಮಾತ್ರ ಕನ್ನಡಕ ಏರಿಸಿ ಸೆರಗನ್ನೇ ನೋಡಿದರು. "ತೋಪುತೆನಿ ಎಲ್ಲೈತ್ರಿ ಇದರಾಗ?"

ನಿಜ. ಕೆಂಪು ಸೆರಗಿನಲ್ಲಿ ಬಿಳಿ ತೆನಿಗಳು ಸಾಲಾಗಿ ನಿಲ್ಲಬೇಕಾದ ಕಡೆ ಯಾವುದೋ ಬಳ್ಳಿ ಹಬ್ಬಿತ್ತು. ಸೆರಗನ್ನಷ್ಟೇ ಗುರುತು ಮಾಡಿ ಮತ್ತೆ ಬರೆಸಬಹುದು. ನಾನು ಆರು ಸಲ ಬರೆಸಿ ನೋಡಿದ್ದೆ, ಪ್ರತಿ ಸಲ ಹೊಸ ಬಳ್ಳಿ! ಅದಕ್ಕೆ ನೇಯ್ಗೆಯ ಲೆಕ್ಕ ಗೊತ್ತಿಲ್ಲ, ಸೆರಗಿನ ಹಾಗೆ ಕಾಣುವುದನ್ನು ತುಂಬುತ್ತದೆ ಅಷ್ಟೆ. ಮುಖದ್ದೂ ಅದೇ ಕಥೆ. ಇದೇ ಹೆಂಗಸು ಸಂಕ್ರಾಂತಿಗೂ ಬೇಕೆಂದರೆ ಅವಳ ತಂಗಿಯಂಥವಳು ಬರುತ್ತಾಳೆ. ಹಿಂದಿನ ಗೋಡೆ, ದೀಪಗಳ ಸಂಖ್ಯೆ ಬೇಕಾದರೆ ಬದಲಾಗುತ್ತವೆ.

"ಇದನ್ನ ನೋಡಿ ಬಂದವರು ಇದೇ ಸೀರಿ ಕೊಡ್ರಿ ಅಂದ್ರ ಎಲ್ಲಿಂದ ತರ್ಲಿ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೆಯದರಲ್ಲಿ ಸೀರೆ ಅಂಗಡಿಯದೇ, ಫೋಟೋ ನನ್ನದು. ಹಿಂದಿನ ಜಗಲಿ ಮಾತ್ರ ಎಐದು. ಎರಡೂ ಬೇರೆ ಬೇರೆ ಪದರದಲ್ಲಿವೆ. ಹಾಗಾಗಿ ಜಗಲಿ ಬೇಡವೆಂದರೆ ತೆಗೆದು ಬೇರೆ ಇಡಬಹುದು, ಸೀರೆಗೆ ಏನೂ ಆಗುವುದಿಲ್ಲ. ಆದರೆ ಸೀರೆಯ ಮಡಿಕೆ, ಬೆಳಕು ಆಮೇಲೆ ಸುಲಭವಾಗಿ ಬದಲಾಗುವುದಿಲ್ಲ. ಮೊದಲ ಸಲ ಟ್ಯೂಬ್‌ಲೈಟ್ ಕೆಳಗೆ ತೆಗೆದಿದ್ದೆ. ಜಗಲಿಯ ಚಿತ್ರದಲ್ಲಿ ಬೆಳಕು ಎಡದಿಂದ, ಸೀರೆಗೆ ಮೇಲಿನಿಂದ. ಅಂಟಿಸಿದ್ದು ಎದ್ದು ಕಾಣುತ್ತಿತ್ತು. ಎಡಕ್ಕೆ ಕಿಟಕಿ ಬರುವ ಹಾಗೆ ಹರಡಿ ಮತ್ತೆ ತೆಗೆದ ಮೇಲೆ ಕೂಡಿಕೊಂಡಿತು.

ಮೂರನೆಯದು ಬಿಡಿಸಿದಂತಿರುವ ಚಿತ್ರ: ಅಜ್ಜಿ, ಮೊಮ್ಮಗಳು, ಟ್ರಂಕು. ಇದರಲ್ಲಿ ಸೀರೆಯ ವಿವರ ಯಾರೂ ಹುಡುಕುವುದಿಲ್ಲ. ಅಕ್ಷರವನ್ನೂ ಎಐಗೇ ಬಿಟ್ಟಿದ್ದೆ, 'ಹಬ್ಬಕ್ಕೆ' ಎಂಬಲ್ಲಿ ಎರಡು ಒತ್ತೂ ಕಲಸಿಹೋದವು. ಆಮೇಲೆ ಮೇಲ್ಗಡೆ ಜಾಗ ಖಾಲಿ ಬಿಡಿಸಿ ನಾನೇ ಟೈಪ್ ಮಾಡಿದೆ. ಈಗ ಬೆಲೆ, ತಾರೀಕು ಕೊನೇ ಗಳಿಗೆಯಲ್ಲೂ ತಿದ್ದಬಹುದು.

ಇದನ್ನೇ ಫ್ಲೆಕ್ಸ್‌ಗೂ ಹಾಕೋಣವೇ ಎಂದು ಕೇಳಿದರು. ಚಿತ್ರ 1024 ಪಿಕ್ಸೆಲ್ ಅಗಲ. 10 ಅಡಿ ಫ್ಲೆಕ್ಸ್‌ಗೆ ಹಿಗ್ಗಿಸಿದರೆ ಇಂಚಿಗೆ ಬರೀ ಎಂಟೂವರೆ ಚುಕ್ಕಿ, ಹತ್ತಿರದಿಂದ ಮಸುಕಾಗಿ ಕಾಣುತ್ತದೆ. ದೊಡ್ಡದು ಮಾಡುವ ಸಾಫ್ಟ್‌ವೇರ್ ಇದೆ, ಆದರೆ ಅಜ್ಜಿಯ ಕೈಬೆರಳುಗಳನ್ನು ಅದು ತನಗೆ ತೋಚಿದ ಹಾಗೆ ತುಂಬಿತ್ತು. ವಾಟ್ಸಾಪ್ ಸ್ಟೇಟಸ್‌ಗಾದರೆ ಧಾರಾಳ ಸಾಕು.

ನನ್ನ ಓಟು ಎರಡನೆಯದಕ್ಕೆ. ಸಾವ್ಕಾರರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹುಡುಗನನ್ನು ಕರೆದು, ಒಳಗಿನ ಕಪಾಟಿನಿಂದ ದಾಳಿಂಬೆ ಬಣ್ಣದ ಸೀರೆ ತರಿಸಿ, ಕಿಟಕಿ ಪಕ್ಕ ತಾವೇ ಹರಡತೊಡಗಿದರು.