ಒಂದೇ ಮನೆಯ ಎರಡು ಶಿಕ್ಷಣ ಸಾಲ: ಕಂತು ಶುರುವಾದ ದಿನ ಎಷ್ಟಾಗಿತ್ತು?

ನಮ್ಮ ಮನೆಯಲ್ಲಿ ಎರಡು ಶಿಕ್ಷಣ ಸಾಲ ಆದವು. ಮಗಳು 2018ರ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಹೋದಳು, ಮಗ 2021ರ ಆಗಸ್ಟ್‌ನಲ್ಲಿ ಹೋದ. ಇಬ್ಬರಿಗೂ 24 ಲಕ್ಷ ಸಾಲ, ಇಬ್ಬರದೂ ಎರಡು ವರ್ಷದ ಕೋರ್ಸು, ಎರಡಕ್ಕೂ ನಾನೇ ಸಹ-ಸಾಲಗಾರ. ಮಗಳ ಸಾಲ ಸರಕಾರಿ ಬ್ಯಾಂಕಿನದು, ಮನೆ ಅಡಮಾನ ಇಟ್ಟು ತಗೊಂಡದ್ದು. ಮಗನದು ಫೈನಾನ್ಸ್ ಕಂಪನಿಯದು, ಆಸ್ತಿ ಏನೂ ಇಡದೆ ಸಿಕ್ಕದ್ದು. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಅಕ್ಕಪಕ್ಕದ ಶೆಡ್ಡಿನವರು ಮಕ್ಕಳನ್ನು ಕಳಿಸುವ ಮುಂಚೆ ಬಂದು, "ಎರಡರಾಗ ಯಾವುದು ಚಲೋ?" ಅಂತ ಕೇಳುತ್ತಾರೆ. ಬಡ್ಡಿ ದರ ಎಷ್ಟು ಅನ್ನೋದನ್ನು ಎಲ್ಲರೂ ಕೇಳುತ್ತಾರೆ. ಕಂತು ಶುರುವಾಗುವ ಮುಂಚಿನ ಬಿಡುವಿನಲ್ಲಿ, ಅಂದರೆ ಮೊರಟೋರಿಯಂನಲ್ಲಿ, ಆ ಬಡ್ಡಿ ಏನಾಗುತ್ತದೆ ಅಂತ ಕೇಳುವವರು ಕಡಿಮೆ. ನನಗೆ ಪೆಟ್ಟು ಬಿದ್ದದ್ದೂ ಅಲ್ಲೇ, ಉಳಿತಾಯ ಆದದ್ದೂ ಅಲ್ಲೇ.

ಸಾಲ ಸಿಗುವ ಕಥೆ ಚಿಕ್ಕದು. ಸರಕಾರಿ ಬ್ಯಾಂಕು ಶಹಾಪುರದ ನಮ್ಮ ಮನೆಯ ಸಿ.ಟಿ.ಎಸ್. ಉತಾರ, ಪ್ರಾಪರ್ಟಿ ಕಾರ್ಡು, ಇ.ಸಿ. ಎಲ್ಲ ಕೇಳಿತು. ವಕೀಲರ ಅಭಿಪ್ರಾಯ, ಮನೆಯ ಮೌಲ್ಯಮಾಪನ ಅಂತ ಏಳು ವಾರ ಹೋಯಿತು. ಖರ್ಚಿನಲ್ಲಿ ನೂರಕ್ಕೆ 15ರಷ್ಟನ್ನು ನಾವೇ ಹಾಕಬೇಕಾಯಿತು. ಫೈನಾನ್ಸ್ ಕಂಪನಿಯವರು ಹತ್ತೇ ದಿನದಲ್ಲಿ ಮಂಜೂರಾತಿ ಪತ್ರ ಕೊಟ್ಟರು. ಆದರೆ ಶೇ 1 ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಜಿ.ಎಸ್‌.ಟಿ. ಸೇರಿ 28,320 ರೂಪಾಯಿ ಮೊದಲೇ ಹೋಯಿತು.

ಇನ್ನು ಲೆಕ್ಕಕ್ಕೆ ಬರೋಣ. ಎರಡೂ ಸಾಲದ ಬಡ್ಡಿ ನಡುವೆ ಏರಿಳಿಯಿತು. ಓದುವವರಿಗೆ ತಿಳಿಯಾಗಲಿ ಅಂತ ಮಗಳದ್ದನ್ನು ಶೇ 10ಕ್ಕೆ, ಮಗನದ್ದನ್ನು ಶೇ 12ಕ್ಕೆ ನಿಲ್ಲಿಸಿದ್ದೇನೆ, ತಿಂಗಳ ಲೆಕ್ಕವನ್ನು ಸುತ್ತು ಮಾಡಿದ್ದೇನೆ.

ಮಗಳ ಸಾಲ 24 ಲಕ್ಷ ಅಂದರೂ ಒಂದೇ ದಿನ ಅಷ್ಟೂ ಹೋಗಲಿಲ್ಲ. ಸೆಮಿಸ್ಟರಿಗೆ 6 ಲಕ್ಷದಂತೆ ಆಗಸ್ಟ್, ಜನವರಿ, ಮತ್ತೆ ಆಗಸ್ಟ್, ಮತ್ತೆ ಜನವರಿ, ಹೀಗೆ ನಾಲ್ಕು ಸಲ ಹೋಯಿತು. ಬಡ್ಡಿ ಬೀಳುವುದು ಹೋದ ಹಣಕ್ಕೆ ಮಾತ್ರ, ಹೋದ ದಿನದಿಂದ. 2020ರ ಮೇ ತಿಂಗಳಿಗೆ ಕೋರ್ಸು ಮುಗಿಯಿತು. ಆಮೇಲೆ ಒಂದು ವರ್ಷ ಬಿಡುವು. ಅಂದರೆ 2021ರ ಮೇ ಕೊನೆಯವರೆಗೆ ಕಂತಿಲ್ಲ. ಆ ಹೊತ್ತಿಗೆ ಮೊದಲ 6 ಲಕ್ಷಕ್ಕೆ 33 ತಿಂಗಳು ಆಗಿತ್ತು. ಮಿಕ್ಕ ಮೂರಕ್ಕೆ 28, 21, 16 ತಿಂಗಳು. ಎಲ್ಲ ಕೂಡಿಸಿದರೆ 98. 6 ಲಕ್ಷಕ್ಕೆ ಶೇ 10ರಂತೆ ತಿಂಗಳ ಬಡ್ಡಿ 5,000 ರೂಪಾಯಿ. 98 ಸಲ 5,000 ಅಂದರೆ 4 ಲಕ್ಷ 90 ಸಾವಿರ.

ನಾವು ನಡುವೆ ಒಂದು ರೂಪಾಯಿಯೂ ಕಟ್ಟಲಿಲ್ಲ. ಮೊರಟೋರಿಯಂ ಅಂದರೆ ರಜೆ, ಬ್ಯಾಂಕು ಸುಮ್ನೆ ಇರುತ್ತದೆ ಅಂತಲೇ ನಾನು ತಿಳಿದಿದ್ದೆ. ಮೇ 31ಕ್ಕೆ ಆ 4.90 ಲಕ್ಷ ಪೂರ್ತಿ ಅಸಲಿಗೆ ಸೇರಿತು. ಜೂನ್‌ನಲ್ಲಿ ನಮ್ಮ ಸಾಲ 28 ಲಕ್ಷ 90 ಸಾವಿರ. ಹತ್ತು ವರ್ಷಕ್ಕೆ ಕಂತು 38,192. ಬಡ್ಡಿಯನ್ನು ಅದೇ ದಿನದೊಳಗೆ ತೀರಿಸಿದ್ದರೆ ಸಾಲ 24 ಲಕ್ಷಕ್ಕೇ ನಿಲ್ಲುತ್ತಿತ್ತು, ಕಂತು 31,716 ಆಗುತ್ತಿತ್ತು. ತಿಂಗಳಿಗೆ 6,476ರ ವ್ಯತ್ಯಾಸ. ಅದನ್ನು 120 ಕಂತಿಗೆ ಹಿಡಿದರೆ 7 ಲಕ್ಷ 77 ಸಾವಿರ. ಅಂದರೆ ಕಟ್ಟದೆ ಬಿಟ್ಟ 4.90 ಲಕ್ಷಕ್ಕೆ ನಾವು ಕೊಡುವುದು 7.77 ಲಕ್ಷ.

ಇಲ್ಲಿ ನನಗೆ ತಡವಾಗಿ ತಿಳಿದ ಒಂದು ಮಾತಿದೆ. ಆ ಬ್ಯಾಂಕಿನಲ್ಲಿ ಮೊರಟೋರಿಯಂ ಪೂರ್ತಿ ಸರಳ ಬಡ್ಡಿ. ಬಡ್ಡಿ ಪಕ್ಕದಲ್ಲಿ ಕೂಡುತ್ತಾ ಹೋಗುತ್ತದೆ, ಆದರೆ ಕೊನೆಯ ದಿನದವರೆಗೆ ಬಡ್ಡಿಯ ಮೇಲೆ ಬಡ್ಡಿ ಬೀಳುವುದಿಲ್ಲ. ಹಾಗಿದ್ದಾಗ ತಿಂಗಳಾ ತಿಂಗಳಾ ಕಟ್ಟಿದರೂ ಒಂದೇ, ಮೇ ಕೊನೆಯ ವಾರ ಒಟ್ಟಿಗೆ ಕಟ್ಟಿದರೂ ಒಂದೇ. ಆ ದುಡ್ಡನ್ನು ಆರ್‌.ಡಿ.ಯಲ್ಲಿ ಹಾಕುತ್ತಾ ಬಂದಿದ್ದರೆ ನಮಗೇ ಒಂದಿಷ್ಟು ಬಡ್ಡಿ ಸಿಗುತ್ತಿತ್ತು. ಶೇ 6ರಂತೆ ಲೆಕ್ಕ ಹಾಕಿದೆ, ಸುಮಾರು 32 ಸಾವಿರ ಆಗುತ್ತದೆ.

ಆದರೆ ಇದಕ್ಕೂ ಮುಂಚೆ ಶಾಖೆಯಲ್ಲಿ ಇನ್ನೊಂದು ಕೇಳಬೇಕು. ಓದುವ ಅವಧಿಯಲ್ಲಿ ಬಡ್ಡಿಯನ್ನು ಪೂರ್ತಿ ಕಟ್ಟುತ್ತಾ ಬಂದವರಿಗೆ ದರದಲ್ಲಿ ಶೇ 1ರವರೆಗೆ ರಿಯಾಯಿತಿ ಕೊಡಬಹುದು ಅಂತ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿದೆ. ಕೊಡುವುದು ಬಿಡುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಸಿಕ್ಕರೆ ನಮ್ಮ 4.90 ಲಕ್ಷದಲ್ಲಿ 49 ಸಾವಿರ ಉಳಿಯುತ್ತಿತ್ತು. 32 ಸಾವಿರಕ್ಕಿಂತ ಅದೇ ಜಾಸ್ತಿ ಅಲ್ವಾ? ಹಾಗಾಗಿ ರಿಯಾಯಿತಿ ಇದ್ದರೆ ತಿಂಗಳಾ ಕಟ್ಟಿ, ಇಲ್ಲದಿದ್ದರೆ ಕೂಡಿಸಿಟ್ಟು ಕೊನೆಗೆ ಕಟ್ಟಿ. ಕೂಡಿಸಿಟ್ಟದ್ದು ಬೇರೆ ಖರ್ಚಿಗೆ ಹೋಗುವ ಮನೆಯಾದರೆ ತಿಂಗಳಾ ಕಟ್ಟುವುದೇ ವಾಸಿ. ಮೊದಲ ಐದು ತಿಂಗಳು ಕಟ್ಟಬೇಕಾದ್ದು ಬರೀ 5,000. ನಾಲ್ಕೂ ಸೆಮಿಸ್ಟರ್ ಹಣ ಹೋದ ಮೇಲಷ್ಟೇ ಅದು 20,000 ಆಗುವುದು.

ದಿನಾಂಕ ಮಾತ್ರ ತಪ್ಪಬಾರದು. ಮಗಳಿಗೆ ಕೆಲಸ ಸಿಕ್ಕಿದ್ದು ತಡವಾಗಿ. ಅವಳು ಉಳಿಸಿ ಕಳಿಸಿದ 2 ಲಕ್ಷವನ್ನು ನಾನು ಜೂನ್ 4ಕ್ಕೆ ಕಟ್ಟಿದೆ. ಅಷ್ಟರಲ್ಲಿ ಬಡ್ಡಿ ಅಸಲಿಗೆ ಸೇರಿ ಕಂತು ನಿಗದಿ ಆಗಿಬಿಟ್ಟಿತ್ತು. ಹಣ ನಷ್ಟ ಆಗಲಿಲ್ಲ, ಸಾಲದಲ್ಲಿ ಕಳೆದರು. ಆದರೆ ಕಂತು 38,192ಕ್ಕೇ ನಿಂತು, ಕೊನೆಯ ಕೆಲವು ಕಂತು ಕಡಿಮೆಯಾದವು. ನಮಗೆ ಆಗ ಬೇಕಾಗಿದ್ದದ್ದು ತಿಂಗಳ ಭಾರ ಇಳಿಯುವುದು. ಅದಕ್ಕೆ ಬೇರೆ ಅರ್ಜಿ ಕೊಟ್ಟು ಎರಡು ತಿಂಗಳು ಓಡಾಡಬೇಕಾಯಿತು.

ಮಗನ ಸಲ ನಾನು ಎಚ್ಚರವಾಗಿದ್ದೇನೆ ಅಂದುಕೊಂಡೆ. ಆ ಕಂಪನಿಯಲ್ಲಿ ನಿಯಮವೇ ಹಾಗಿತ್ತು, ಓದುವಾಗಲೇ ತಿಂಗಳಿಗೆ 5,000 ಕಟ್ಟಬೇಕು. ಬಡ್ಡಿ ಕಟ್ಟುತ್ತಾ ಇದ್ದೇವೆ, ಸಾಲ ಏರುವುದಿಲ್ಲ ಅನ್ನೋ ನಂಬಿಕೆ ನನ್ನದು. ಡಿಸೆಂಬರ್ ಮುಗಿದ ಮೇಲೆ ಅವನೇ ಫೋನ್ ಮಾಡಿದ. "ಅಪ್ಪಾ, ತಿಂಗಳಾ ಐದು ಸಾವಿರ ಕಟ್ಟಾಕತ್ತೀವಲ್ಲ, ಸಾಲ ಯಾಕ ಏರಾಕತ್ತೇತಿ?"

ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ ಶೆಡ್ಡಿನ ಟೇಬಲ್ ಮೇಲೆ ಹರಡಿ ಕೂತೆ. ಆಗಸ್ಟ್, ಅಕ್ಟೋಬರ್, ಡಿಸೆಂಬರ್ ಮೂರಕ್ಕೂ 31 ದಿನ. ಮಗನ ಹಣವೂ ಸೆಮಿಸ್ಟರಿಗೆ 6 ಲಕ್ಷದಂತೆಯೇ ಹೋಗುತ್ತಿತ್ತು, ನಡುವೆ ಹೊಸ ಹಣ ಹೋಗಿಲ್ಲ. ಬಡ್ಡಿ ಒಂದೇ ಇರಬೇಕಿತ್ತು. ಆಗಸ್ಟ್‌ನಲ್ಲಿ 6,115, ಅಕ್ಟೋಬರ್‌ನಲ್ಲಿ 6,136, ಡಿಸೆಂಬರ್‌ನಲ್ಲಿ 6,157 ಇತ್ತು. ಎರಡು ತಿಂಗಳಿಗೊಮ್ಮೆ 21 ರೂಪಾಯಿ ಏರಿಕೆ. 6 ಲಕ್ಷಕ್ಕೆ ಶೇ 12ರಂತೆ ತಿಂಗಳ ಬಡ್ಡಿ 6,000ದ ಆಸುಪಾಸು, ನಾವು ಕಟ್ಟಿದ್ದು 5,000. ಉಳಿದದ್ದು ತಿಂಗಳಾ ಅಸಲಿಗೆ ಸೇರುತ್ತಿತ್ತು. ಇದೇ ಚಕ್ರಬಡ್ಡಿ. ಮಗಳ ಹಳೆಯ ಸ್ಟೇಟ್‌ಮೆಂಟ್ ತೆಗೆದು ಅದೇ ಮೊದಲ ಐದು ತಿಂಗಳು ನೋಡಿದರೆ 31 ದಿನದ ತಿಂಗಳಿಗೆಲ್ಲ 5,096, ಅಲ್ಲಾಡಿಲ್ಲ. ನಿಮ್ಮ ಸಾಲ ಯಾವ ಜಾತಿಯದು ಅಂತ ತಿಳಿಯಲು ಇಷ್ಟು ಸಾಕು. ದರ ಬದಲಾಗದ, ಹೊಸ ಹಣ ಹೋಗದ, ದಿನ ಸಮ ಇರುವ ಎರಡು ತಿಂಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಆಗ ಪೂರ್ತಿ ಬಡ್ಡಿ ಕಟ್ಟುವ ಶಕ್ತಿ ನನಗಿರಲಿಲ್ಲ, ಮಗಳ ಕಂತೂ ನಡೆಯುತ್ತಿತ್ತು. 2023ರ ಮೇ ತಿಂಗಳಲ್ಲಿ ಮಗನ ಕೋರ್ಸು ಮುಗಿದಾಗ 21 ತಿಂಗಳಲ್ಲಿ 1.05 ಲಕ್ಷ ಕಟ್ಟಿದ್ದೆವು, ಸಾಲ 26 ಲಕ್ಷ 7 ಸಾವಿರಕ್ಕೆ ಬಂದಿತ್ತು. 5,000ವನ್ನೇ ಇನ್ನೊಂದು ವರ್ಷ ಕಟ್ಟುತ್ತಾ ಹೋಗಿದ್ದರೆ ಕಂತು ಶುರುವಾಗುವ ಹೊತ್ತಿಗೆ 28 ಲಕ್ಷ 75 ಸಾವಿರ ಆಗುತ್ತಿತ್ತು. ಇದನ್ನು ಮಗಳ 28.90ರ ಪಕ್ಕ ಇಡಿ. ಅಲ್ಲಿ ಏನೂ ಕಟ್ಟಿರಲಿಲ್ಲ, ಇಲ್ಲಿ 1.65 ಲಕ್ಷ ಕಟ್ಟಿಯೂ ಹೆಚ್ಚುಕಡಿಮೆ ಅದೇ ಜಾಗ. ಎರಡು ಪರ್ಸೆಂಟ್ ಜಾಸ್ತಿ ದರ ಮತ್ತು ಚಕ್ರಬಡ್ಡಿ ಸೇರಿ ಆ ಹಣವನ್ನು ತಿಂದುಬಿಡುತ್ತಿದ್ದವು.

ಅದೃಷ್ಟಕ್ಕೆ ಮಗನಿಗೆ ಜೂನ್‌ನಲ್ಲೇ ಕೆಲಸ ಸಿಕ್ಕಿತು. ಕಂಪನಿಗೆ ಬರೆದು ಪೂರ್ತಿ ಬಡ್ಡಿ ಕಟ್ಟುವ ಪದ್ಧತಿಗೆ ಬದಲಿಸಿಕೊಂಡೆವು. ತಿಂಗಳಿಗೆ 26,070 ರೂಪಾಯಿ. ಹನ್ನೆರಡು ತಿಂಗಳು ಅವನು ತಪ್ಪದೆ ಕಳಿಸಿದ, ಸಾಲ 26.07ಕ್ಕೇ ನಿಂತಿತು. ಕಂತು 37,403. ಹಳೆಯ ಪದ್ಧತಿಯಲ್ಲೇ ಬಿಟ್ಟಿದ್ದರೆ 41,248 ಆಗುತ್ತಿತ್ತು. ಆ ವರ್ಷ ಮೇಲಿಂದ ಕಟ್ಟಿದ್ದು 2.53 ಲಕ್ಷ, ಹತ್ತು ವರ್ಷದಲ್ಲಿ ಉಳಿಯುವುದು 4.61 ಲಕ್ಷ. ಚಕ್ರಬಡ್ಡಿಯ ಸಾಲದಲ್ಲಿ ಕೂಡಿಸಿಟ್ಟು ಕೊನೆಗೆ ಕಟ್ಟುತ್ತೇನೆ ಅನ್ನೋದು ನಡೆಯುವುದಿಲ್ಲ. ಶೇ 12 ಕೊಡುವ ಆರ್‌.ಡಿ. ಎಲ್ಲೂ ಇಲ್ಲ.

ತೆರಿಗೆಯ ಒಂದು ವಿಷಯವನ್ನು ಯಾರೂ ಹೇಳಿರಲಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಶಿಕ್ಷಣ ಸಾಲಕ್ಕೆ ಕಟ್ಟಿದ ಬಡ್ಡಿಗೆ ವಿನಾಯಿತಿ ಇದೆ, ಆದರೆ ಎಂಟೇ ವರ್ಷ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷದಿಂದಲೇ ಆ ಎಣಿಕೆ. ಮಗನ 5,000ದಿಂದ ನನ್ನ ಎಣಿಕೆ 2021ರಲ್ಲೇ ಶುರುವಾಯಿತು, ದೊಡ್ಡ ಕಂತು ಬರುವ ಹೊತ್ತಿಗೆ ಮೂರು ವರ್ಷ ಮುಗಿದಿತ್ತು. ಮಗಳ ಸಾಲದಲ್ಲಿ ಎಂಟೂ ವರ್ಷ ಕಂತಿನ ಕಾಲಕ್ಕೇ ಸಿಗುತ್ತವೆ. ಹಾಗಂತ ಇದಕ್ಕಾಗಿ ಬಡ್ಡಿ ಕಟ್ಟದೆ ಬಿಡಬೇಡಿ. ನನ್ನ ಲೆಕ್ಕದಲ್ಲಿ ಮೇಲಿನ ಉಳಿತಾಯದ ಮುಂದೆ ಇದು ಸಣ್ಣದು.

ಹಾಗಾದರೆ ನಾನು ಯಾವುದನ್ನು ಆರಿಸುತ್ತೇನೆ? ಮನೆಯ ಕಾಗದ ಸರಿ ಇದ್ದು, ಎರಡು ತಿಂಗಳು ಕೈಯಲ್ಲಿದ್ದರೆ ಸರಕಾರಿ ಬ್ಯಾಂಕಿನ ಸರಳ ಬಡ್ಡಿ ಸಾಲವನ್ನೇ. ಅಡಮಾನಕ್ಕೆ ಏನೂ ಇಲ್ಲದವರು ಫೈನಾನ್ಸ್ ಕಂಪನಿಗೆ ಹೋಗಲಿ, ತಪ್ಪಿಲ್ಲ. ಆದರೆ ಅರ್ಧಂಬರ್ಧ ಬಡ್ಡಿಯ ಪದ್ಧತಿಯಲ್ಲಿ ಒಂದು ತಿಂಗಳೂ ಹೆಚ್ಚಿಗೆ ಇರಬೇಡಿ. ಕೈಗೆ ಹಣ ಬಂದ ತಿಂಗಳಿಂದಲೇ ಪೂರ್ತಿ ಬಡ್ಡಿಗೆ ಬದಲಿಸಿ.

ಗೋಕಾಕದ ನನ್ನ ತಂಗಿಯ ಮಗ ಈಗ ಹೊರಟಿದ್ದಾನೆ. ಸಹಿ ಮಾಡುವ ಮುಂಚೆ ಶಾಖೆಗೆ ಮೂರು ಪ್ರಶ್ನೆ ಬರೆದು ಕೊಡಿಸಿದೆ. ಮೊರಟೋರಿಯಂನಲ್ಲಿ ಬಡ್ಡಿ ಸರಳವೋ ಚಕ್ರವೋ? ಬಡ್ಡಿ ಅಸಲಿಗೆ ಸೇರುವ ದಿನ ಯಾವುದು? ಪೂರ್ತಿ ಬಡ್ಡಿ ಕಟ್ಟಿದರೆ ರಿಯಾಯಿತಿ ಉಂಟೋ? ಹೋದ ವಾರ ಉತ್ತರ ಬಂತು. ಸರಳ ಬಡ್ಡಿ, ರಿಯಾಯಿತಿ ಉಂಟು. ದಿನಾಂಕದ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ಸೋಮವಾರ ಮತ್ತೆ ಹೋಗಿ ಅದನ್ನು ಬರೆಸಿಕೊಂಡು ಬಾ ಅಂದಿದ್ದೇನೆ.